ಎರಡು ಗಂಟೆಯವರೆಗೆ

ನಮ್ಮ ಮನೆ ಇರುವುದು ಚಂದ್ರಾ ಲೇಔಟ್‌ನಲ್ಲಿ. ಕೆಳಗೆ ನಾನಿರುತ್ತೇನೆ. ಮೇಲಿನ ಎರಡು ಕೋಣೆಯ ಮನೆಯನ್ನು ದಿನದ ಲೆಕ್ಕದಲ್ಲಿ ಬಂದು ಹೋಗುವವರಿಗೆ ಕೊಡುತ್ತೇವೆ. ಕೊಡುತ್ತೇವೆ ಎಂದು ಬರೆಯುವುದು ಅಭ್ಯಾಸಬಲ, ಈಗ ಕೊಡುವವಳು ನಾನೊಬ್ಬಳೇ. ಇದೆಲ್ಲ ಯಜಮಾನರು ನಿವೃತ್ತರಾದ ಮೇಲೆ ಹಚ್ಚಿಕೊಂಡ ಕೆಲಸ. ಅವರು ಹೋಗಿ ಐದು ತಿಂಗಳಾದ ಹೊತ್ತಿನಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬುಕಿಂಗ್ ಆ್ಯಪ್‌ನಲ್ಲಿ ಖಾತೆ ಅವರ ಹೆಸರಿನಲ್ಲಿತ್ತು, ಫೋಟೋ ಅವರದೇ. ಬದಲಾಯಿಸುವುದು ಹೇಗೆಂದು ಮಗಳು ಫೋನಿನಲ್ಲಿ ಎರಡು ಸಲ ಹೇಳಿಕೊಟ್ಟಳು, ನಾನು ಎರಡು ಸಲವೂ ಹೂಂ ಅಂದೆ, ಮಾಡಲಿಲ್ಲ. ಬಂದವರೆಲ್ಲ ನನಗೆ ‘ಸಾರ್’ ಎಂದು ಬರೆಯುತ್ತಿದ್ದರು. ನಾನೂ ಸಾರ್ ಆಗಿಯೇ ಉತ್ತರ ಕೊಡುತ್ತಿದ್ದೆ. ಇದರಲ್ಲಿ ದುಃಖಪಡುವಂಥದ್ದು ಇದೆ ಎಂದು ನೋಡಿದವರಿಗೆ ಅನ್ನಿಸಬಹುದು. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅದೇ ನನ್ನ ತೊಂದರೆಯಾಗಿತ್ತು. ಹದಿಮೂರನೆಯ ದಿನ ಕಳೆದ ಮೇಲೆ ನೆಂಟರೆಲ್ಲ ‘ಗಟ್ಟಿ ಹೆಂಗಸು, ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ’ ಎಂದು ಮೆಚ್ಚಿಕೊಂಡು ಹೋದರು. ಗಟ್ಟಿಯೂ ಇಲ್ಲ, ಏನೂ ಇಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ತುಟಿ ಮರಗಟ್ಟಿ, ಕಾಫಿ ಕುಡಿದರೆ ಬಿಸಿಯೋ ತಣ್ಣಗೋ ತಿಳಿಯುವುದಿಲ್ಲವಲ್ಲ, ಹಾಗಿದ್ದೆ.

ಬಂದವರು ಹೊರಡಬೇಕಾದ ಹೊತ್ತು ಬೆಳಿಗ್ಗೆ ಹನ್ನೊಂದು ಗಂಟೆ. ಆ ಹನ್ನೊಂದನ್ನು ಯಾರೂ ಒಪ್ಪುವುದಿಲ್ಲ. ನಮ್ಮ ಜನ ಹಳೇ ಲಾಡ್ಜುಗಳಲ್ಲಿ ಉಳಿದು ಬೆಳೆದವರು, ಬೆಳಿಗ್ಗೆ ಎಂಟಕ್ಕೆ ಬಂದರೆ ಮಾರನೇ ದಿನ ಎಂಟಕ್ಕೆ, ಸಂಜೆ ಐದಕ್ಕೆ ಬಂದರೆ ಮಾರನೇ ಸಂಜೆ ಐದಕ್ಕೆ ಖಾಲಿ ಮಾಡುವ ಲೆಕ್ಕ ಅವರ ತಲೆಯಲ್ಲಿರುತ್ತದೆ. ಹಾಗಾಗಿ ಬೆಳಿಗ್ಗೆ ಒಂಬತ್ತಾಯಿತೆಂದರೆ ಮೆಸೇಜು ಬರುತ್ತದೆ. ಸ್ವಲ್ಪ ಲೇಟಾಗಿ ಹೊರಡಬಹುದಾ ಸಾರ್. ಈ ‘ಸ್ವಲ್ಪ’ ಅರ್ಧ ಗಂಟೆಯೂ ಆಗಬಹುದು, ಸಂಜೆಯೂ ಆಗಬಹುದು.

ಯಜಮಾನರು ಇದನ್ನು ಒಂದು ವಿದ್ಯೆಯ ಹಾಗೆ ಕಲಿತಿದ್ದರು. ಕಚೇರಿಯಲ್ಲಿ ಮೂವತ್ತು ವರ್ಷ ಅರ್ಜಿಗಳಿಗೆ ಉತ್ತರ ಬರೆದವರು, ಆ ಚಟ ಇಲ್ಲಿಗೂ ಬಂತು. ಮೆಸೇಜು ಬಂದ ಕೂಡಲೇ ಉತ್ತರ ಕೊಡುತ್ತಿದ್ದರು. ಪೆಟ್ಟಿಗೆ ಕಟ್ಟಬೇಕೋ ಬೇಡವೋ ಎಂದು ಅವರು ಅಲ್ಲಿ ನಿಂತಿರುತ್ತಾರೆ, ಕಾಯಿಸಬಾರದು ಅನ್ನುತ್ತಿದ್ದರು. ಆದರೆ ಉತ್ತರಕ್ಕೆ ಮೊದಲು ಮೂರು ನೋಡುತ್ತಿದ್ದರು. ಇವತ್ತು ಇನ್ನೊಬ್ಬರು ಬರುವವರಿದ್ದಾರಾ, ಎಷ್ಟು ಹೊತ್ತಿಗೆ. ಮನೆ ಶುಚಿ ಮಾಡಲು ಎಷ್ಟು ಹೊತ್ತು ಬೇಕು. ಆ ಕೆಲಸ ಮಾಡುವವರು ಆ ಹೊತ್ತಿಗೆ ಇರುತ್ತಾರಾ. ಮೂರೂ ಸರಿಯಿದ್ದು ಕೇಳಿದ್ದು ಒಂದು ಗಂಟೆಯ ಒಳಗಿನದಾದರೆ ಪುಕ್ಕಟೆ ಕೊಡುತ್ತಿದ್ದರು, ‘ಹನ್ನೆರಡರವರೆಗೆ ಧಾರಾಳವಾಗಿ ಇರಿ’ ಎಂದು ಗಂಟೆ ಹೇಳಿಯೇ ಕೊಡುತ್ತಿದ್ದರು. ಅದಕ್ಕಿಂತ ಹೆಚ್ಚು ಬೇಕಾದರೆ, ಮನೆ ಖಾಲಿಯಿದ್ದರೆ, ಅರ್ಧ ದಿನದ ಬಾಡಿಗೆ ಇಷ್ಟು, ಇಂತಿಷ್ಟು ಗಂಟೆಯವರೆಗೆ, ಬೇಡವೆಂದರೆ ಬೇಸರವಿಲ್ಲ, ಪೆಟ್ಟಿಗೆಗಳನ್ನು ಕೆಳಗೆ ನಮ್ಮ ಮನೆಯಲ್ಲಿಟ್ಟು ಓಡಾಡಿ ಬನ್ನಿ, ಅದಕ್ಕೆ ದುಡ್ಡಿಲ್ಲ ಎಂದು ಬರೆಯುತ್ತಿದ್ದರು. ಇವನ್ನೆಲ್ಲ ಫೋನಿನಲ್ಲಿ ಸಿದ್ಧ ಉತ್ತರಗಳಾಗಿ ಉಳಿಸಿಟ್ಟಿದ್ದರು.

ಮನೆ ಖಾಲಿಯಿಲ್ಲದಿದ್ದರೆ ದುಡ್ಡಿನ ಮಾತೇ ಎತ್ತುತ್ತಿರಲಿಲ್ಲ. ಒಮ್ಮೆ ನಾನು, ‘ಜಾಸ್ತಿ ರೇಟು ಹೇಳಿಬಿಡಿ, ಅವರೇ ಬೇಡ ಅಂತಾರೆ’ ಎಂದಿದ್ದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ‘ರೇಟು ಹೇಳಿದ ಮೇಲೆ ಅದು ಅಂಗಡಿ ಕಣೇ. ಕೊಂಡ್ಕೋತೀನಿ ಅಂದ್ರೆ ಕೊಡ್ಲೇಬೇಕು. ಆಗಲ್ಲ ಅನ್ನೋದನ್ನ ಆಗಲ್ಲ ಅಂತಲೇ ಹೇಳ್ಬೇಕು’ ಅಂದರು. ನಾನು ‘ಆಯ್ತು ಸಾಹೇಬ್ರೇ’ ಎಂದು ಅಣಕಿಸಿ ಒಗ್ಗರಣೆ ಹಾಕಲು ಹೋದೆ.

ಶುಕ್ರವಾರ ಮಾತ್ರ ಬೇರೆ ಕಥೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ನಮ್ಮ ಹನ್ನೊಂದು ಗಂಟೆ ಸರಿಯಾಗಿ ಅದರ ಹೊಟ್ಟೆಯೊಳಗೆ ಬಂದು ಕೂರುತ್ತದೆ. ಮದುವೆಗೆ, ಗೃಹಪ್ರವೇಶಕ್ಕೆ ಬಂದವರು ಆ ಹೊತ್ತಿನಲ್ಲಿ ಹೊಸ್ತಿಲು ದಾಟುವುದಿಲ್ಲ. ಯಜಮಾನರಿಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ, ಆದರೂ ಶುಕ್ರವಾರ ಹೊರಡುವವರಿಗೆ ಗುರುವಾರ ಸಂಜೆಯೇ ಮೆಸೇಜು ಹಾಕುತ್ತಿದ್ದರು. ಒಂದೋ ಹತ್ತೂಕಾಲಿಗೆ ಹೊರಡಿ, ಇಲ್ಲವೇ ಹನ್ನೆರಡೂಕಾಲಿಗೆ, ಯಾವುದೆಂದು ಈಗಲೇ ತಿಳಿಸಿ, ಎರಡಕ್ಕೂ ಹೆಚ್ಚಿನ ದುಡ್ಡಿಲ್ಲ. ಮನೆ ಮತ್ತು ಕೆಲಸದವಳ ಹೊತ್ತು ನೋಡಿಕೊಂಡು ಕೆಲವು ಸಲ ಒಂದನ್ನೇ ಬರೆಯುತ್ತಿದ್ದರು.

ಕೆಲಸದವಳು ಎಂದೆನಲ್ಲ, ಅವಳ ವಿಷಯ ಹೇಳಬೇಕು. ರಾಯಚೂರಿನ ಕಡೆಯವಳು, ಕಾಮಾಕ್ಷಿಪಾಳ್ಯದಲ್ಲಿ ಲೇತ್ ಯಂತ್ರದ ವರ್ಕ್‌ಶಾಪಿನ ಮೇಲೆ ಒಂದೇ ಕೋಣೆಯ ಮನೆ. ಗಂಡ ಕಟ್ಟಡದ ಕೆಲಸಕ್ಕೆ ಊರೂರು ತಿರುಗುತ್ತಾನೆ. ಮಗಳೊಬ್ಬಳು. ನಾಲ್ಕು ವರ್ಷದಿಂದ ಮೇಲಿನ ಮನೆ ಶುಚಿ ಮಾಡುವುದು ಇವಳೇ. ಹಾಸಿಗೆ ಬಟ್ಟೆ ಬದಲಿಸಿ, ಎರಡು ಬಾತ್‌ರೂಮು ತಿಕ್ಕಿ, ಅಡುಗೆಮನೆ ಒರೆಸಿ, ನೆಲ ಸಾರಿಸಿ ಮುಗಿಸಲು ಅವಳಿಗೆ ಒಂದೂವರೆ ಗಂಟೆ ಬೇಕು. ಮಗಳು ಹತ್ತನೇ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕ್ಸು ತೆಗೆದು ಕೆಂಗೇರಿ ಉಪನಗರದ ಒಂದು ಕಾಲೇಜಿಗೆ ಸೇರಿದ್ದಳು. ಮನೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೆಳಗಿನ ಯಂತ್ರದ ಸದ್ದಿಗೆ ಓದಲಾಗುವುದಿಲ್ಲ. ಕಾಲೇಜಿನ ಹತ್ತಿರ ಹೆಣ್ಣುಮಕ್ಕಳ ಉಚಿತ ಹಾಸ್ಟೆಲ್ಲೊಂದಿತ್ತು, ಪಟ್ಟಿಯಲ್ಲಿ ಇವಳ ಹೆಸರು ಬಂದಿತ್ತು.

ಇದು ನಡೆದ ವಾರದ ಮೊದಲಲ್ಲೇ ಅವಳು ನನ್ನ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದಳು. ‘ಅಕ್ಕಾರ, ಶುಕ್ರವಾರ ಒಂದು ಗಂಟೇಕ ಹಾಸ್ಟೆಲ್‌ನಾಗ ಹೆಸರು ಕೂಗ್ತಾರ್ರೀ. ತಾಯಿ ತಂದಿ ಒಬ್ಬರರೆ ಇರಬೇಕಂತ, ಅಲ್ಲೇ ಸಹಿ ಹಾಕಬೇಕಂತ. ಕೂಗಿದಾಗ ಇಲ್ಲಂದ್ರ ಪಟ್ಟ್ಯಾಗ ಮುಂದಿನವ್ರಿಗೆ ಕೊಡ್ತಾರಂತ್ರೀ. ನಾ ಹನ್ನೆರಡಕ್ಕ ಇಲ್ಲಿಂದ ಬಿಡಬೇಕ್ರೀ.’

‘ಹೋಗು. ಶುಕ್ರವಾರ ಮೇಲಿನವರನ್ನ ಹತ್ತೂಕಾಲಿಗೇ ಕಳಿಸ್ತೀನಿ. ಮುಗಿಸ್ಕೊಂಡು ಹೋಗು’ ಅಂದೆ.

ಕಷ್ಟದ ಮಾತಲ್ಲ. ಸಂಜೆ ನಾಲ್ಕಕ್ಕೆ ಬೇರೆಯವರು ಬರುವವರಿದ್ದರು, ಅದಕ್ಕೆ ಮೊದಲು ಮನೆ ಸಿದ್ಧವಾಗಬೇಕು. ಆಗ ಮೇಲಿದ್ದದ್ದು ವಿಜಯನಗರದ ಕಲ್ಯಾಣಮಂಟಪದ ಮದುವೆಗೆ ಬಂದಿದ್ದ ದಾವಣಗೆರೆಯ ಒಂದು ಸಂಸಾರ, ಗಂಡ, ಹೆಂಡತಿ, ಒಬ್ಬರು ವಯಸ್ಸಾದ ಅತ್ತೆ. ಗುರುವಾರ ಸಂಜೆ ಅವರಿಗೆ ಮೆಸೇಜು ಹಾಕಬೇಕಿತ್ತು. ಫೋನು ಕೈಯಲ್ಲೇ ಇತ್ತು. ಟೀವಿ ನಡೆಯುತ್ತಿತ್ತು, ಏನು ಬರುತ್ತಿತ್ತೆಂದು ಕೇಳಿದರೆ ಹೇಳಲಾರೆ. ಆಮೇಲೆ ಹಾಕಿದರಾಯಿತು ಅಂದುಕೊಂಡೆ. ಆ ದಿನಗಳಲ್ಲಿ ನನ್ನ ಎಲ್ಲ ಕೆಲಸವೂ ಆಮೇಲೆ ಎಂಬಲ್ಲಿಗೆ ಹೋಗಿ ಬೀಳುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅವರದೇ ಮೆಸೇಜು ಬಂತು. ‘ನಮಸ್ಕಾರ ಸಾರ್. ಇವತ್ತು ಹನ್ನೆರಡರವರೆಗೂ ರಾಹುಕಾಲ ಇದೆ. ನಮ್ಮ ಟ್ರೈನ್ ಮೂರೂವರೆಗೆ. ಅತ್ತೆಯವರಿಗೆ ಮಂಡಿ ನೋವು, ಸ್ಟೇಷನ್‌ನಲ್ಲಿ ಕೂರಿಸೋದು ಕಷ್ಟ. ಎರಡು ಗಂಟೆವರೆಗೆ ಇರಬಹುದಾ? ಚಾರ್ಜ್ ಇದ್ದರೆ ತಿಳಿಸಿ.’

ಒಳ್ಳೆಯ ಮೆಸೇಜು. ಇದಕ್ಕೆ ಉತ್ತರ ನನಗೆ ಗೊತ್ತಿತ್ತು. ಕ್ಷಮಿಸಿ, ಇವತ್ತು ಆಗುವುದಿಲ್ಲ, ಶುಚಿ ಮಾಡುವವರು ಬೇಗ ಹೋಗಬೇಕು, ಹತ್ತೂಕಾಲಿಗೆ ಕೆಳಗೆ ನಮ್ಮ ಹಾಲ್‌ಗೆ ಬಂದುಬಿಡಿ, ಅತ್ತೆಯವರು ದಿವಾನ್ ಮೇಲೆ ಮಲಗಲಿ, ಟ್ರೈನಿನ ಹೊತ್ತಿಗೆ ಹೊರಡಿ. ಇಷ್ಟೇ. ಇದನ್ನು ಬರೆಯಲು ಹೊರಟೆ, ‘ಕ್ಷಮಿಸಿ’ ಎಂದು ಬರೆದೂ ಆಯಿತು. ಆಮೇಲೆ ಅನ್ನಿಸಿತು, ಹೀಗೆ ಬರೆದರೆ ಅವರು ಇನ್ನೊಂದು ಕೇಳುತ್ತಾರೆ, ನಾನು ಕಾರಣ ಹೇಳಬೇಕು, ಅವರಿಗೆ ಬೇಜಾರಾಗಬೇಕು, ಕೆಳಗೆ ಬಂದರೆ ಕಾಫಿ ಕೊಡಬೇಕು, ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ನೋಡಿ ಅವರು ಮುಖ ಸಣ್ಣ ಮಾಡಬೇಕು, ನಾನೂ ಏನೋ ಒಂದು ಮುಖ ಮಾಡಬೇಕು. ಯಾವುದಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ.

‘ಕ್ಷಮಿಸಿ’ ಅಳಿಸಿ, ಸಿದ್ಧ ಉತ್ತರವನ್ನು ಒತ್ತಿದೆ. ‘ಖಂಡಿತ ಇರಬಹುದು. ಎರಡು ಗಂಟೆಯವರೆಗೆ ಅರ್ಧ ದಿನದ ಬಾಡಿಗೆಯಾಗುತ್ತದೆ. ಬೇಡವೆಂದರೆ ಬೇಸರವಿಲ್ಲ.’ ಮೂರು ಗಂಟೆ ಹೆಚ್ಚು ಕೂರಲು ಯಾರು ಅರ್ಧ ದಿನದ ಬಾಡಿಗೆ ಕೊಡುತ್ತಾರೆ, ಬೇಡ ಅನ್ನುತ್ತಾರೆ, ತಾವಾಗಿಯೇ ಹತ್ತೂಕಾಲಿಗೆ ಹೊರಡುತ್ತಾರೆ ಅಂದುಕೊಂಡೆ. ಅವರು ‘ಥ್ಯಾಂಕ್ಯೂ ಸೋ ಮಚ್ ಸಾರ್’ ಎಂದು ಬರೆದರು. ಆ್ಯಪಿನಲ್ಲೇ ದುಡ್ಡಿನ ಕೋರಿಕೆ ಕಳಿಸಿದೆ, ಕಳಿಸದೆ ಬೇರೆ ದಾರಿ ಇರಲಿಲ್ಲ, ಎರಡು ನಿಮಿಷದಲ್ಲಿ ಒಪ್ಪಿ ಕಟ್ಟಿಯೂಬಿಟ್ಟರು. ರೇಟು ಹೇಳಿದ ಮೇಲೆ ಅದು ಅಂಗಡಿ. ಯಜಮಾನರ ಮಾತು ಆ ಕ್ಷಣದಲ್ಲೇ ನೆನಪಾಯಿತು. ನೆನಪಾಗಿ ಏನೂ ಆಗಲಿಲ್ಲ, ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟೆ.

ಹತ್ತು ಗಂಟೆಗೆ ಅವಳು ಬಂದಳು. ಎಣ್ಣೆ ಹಚ್ಚಿ ತಲೆ ಬಾಚಿ, ಹೂ ಮುಡಿದು, ನಾನು ಹಿಂದಿನ ದೀಪಾವಳಿಗೆ ಕೊಟ್ಟ ಹಸಿರು ಸೀರೆ ಉಟ್ಟಿದ್ದಳು. ಕೆಲಸಕ್ಕೆಂದು ಹಳೇ ನೈಟಿ ಬ್ಯಾಗಿನಲ್ಲಿತ್ತು. ಮಗಳು ಬೆಳಿಗ್ಗೆಯೇ ಪಕ್ಕದ ಮನೆಯ ಹುಡುಗಿಯ ಜೊತೆ ಹಾಸ್ಟೆಲ್‌ಗೆ ಹೋಗಿ ಕೂತಿದ್ದಾಳಂತೆ, ಕಾಗದಗಳೆಲ್ಲ ಅವಳ ಹತ್ತಿರವೇ ಇವೆಯಂತೆ, ಇವಳು ಹೋಗಿ ಸಹಿ ಹಾಕುವುದಷ್ಟೇ ಬಾಕಿ.

‘ಅವರು ಸ್ವಲ್ಪ ಲೇಟಾಗುತ್ತೆ ಅಂದ್ರು. ರಾಹುಕಾಲ ಅಂತೆ’ ಅಂದೆ.

‘ಎಷ್ಟೊತ್ತಾಗತೈತ್ರೀ?’

‘ನೋಡೋಣ. ಹನ್ನೆರಡಕ್ಕೆ ಹೊರಡಬಹುದು.’

ಎರಡು ಗಂಟೆ ಎಂದು ನಾನು ಹೇಳಲಿಲ್ಲ. ಸುಳ್ಳು ಹೇಳಬೇಕೆಂದೇನೂ ಇರಲಿಲ್ಲ. ದುಡ್ಡು ಕಟ್ಟಿದವರೂ ಎಷ್ಟೋ ಸಲ ಬೇಗ ಹೊರಟುಬಿಡುತ್ತಾರೆ, ಅದು ನಿಜ. ಆ ನಿಜದ ಒಂದು ಚೂರನ್ನು ಹಿಡಿದುಕೊಂಡು ಕೂತೆ.

ಅವಳು ಮೆಟ್ಟಿಲ ಮೇಲೆ ಕೂತಳು. ಒಳಗೆ ಬಾ ಎಂದರೂ ಬರಲಿಲ್ಲ, ಅಲ್ಲಿದ್ದರೆ ಅವರು ಇಳಿದ ಕೂಡಲೇ ಏರಬಹುದಲ್ಲ. ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದೆ. ಅಲ್ಲಿಂದ ಅವಳ ಬೆನ್ನು ಕಾಣುತ್ತಿತ್ತು. ಹತ್ತೂವರೆ ಆಯಿತು, ಹನ್ನೊಂದಾಯಿತು. ಅವಳು ಮೆಟ್ಟಿಲ ಮೂಲೆಯಲ್ಲಿ ಒಣಗಿದ ಎಲೆ ಆರಿಸಿದಳು, ಗೇಟಿನ ಹತ್ತಿರದ ಗಿಡಗಳಿಗೆ ನೀರು ಹಾಕಿದಳು, ಮಗಳಿಗೆ ಒಮ್ಮೆ ಫೋನು ಮಾಡಿ ಬರ್ತೀನವ್ವಾ, ಅಲ್ಲೇ ಕುಂತಿರು ಅಂದಳು. ಎಲ್ಲ ನನಗೆ ಕೇಳಿಸುತ್ತಿತ್ತು.

ಹನ್ನೆರಡಕ್ಕೆ ಅವಳು ಎದ್ದು ನಿಂತು ಮೇಲಿನ ಬಾಗಿಲ ಕಡೆ ನೋಡಿದಳು. ಬಾಗಿಲು ತೆರೆಯಲಿಲ್ಲ. ಹನ್ನೆರಡೂ ಹತ್ತಕ್ಕೆ ಮೇಲಿನ ಅಡುಗೆಮನೆಯಿಂದ ಕುಕ್ಕರು ಕೂಗಿತು. ಅವರು ಅನ್ನಕ್ಕಿಟ್ಟಿದ್ದರು. ಇನ್ನು ಊಟ ಮಾಡಿ, ಪಾತ್ರೆ ತೊಳೆದು, ಅತ್ತೆಯವರನ್ನು ಸ್ವಲ್ಪ ಒರಗಿಸಿಯೇ ಹೊರಡುವುದು. ಅದು ನನಗೂ ತಿಳಿಯಿತು, ಅವಳಿಗೂ ತಿಳಿಯಿತು.

ಅವಳು ಕಿಟಕಿಯ ಹತ್ತಿರ ಬಂದಳು. ‘ಅಕ್ಕಾರ, ಏನ್ ಮಾಡ್ಲಿರೀ?’

ಇದಕ್ಕೆ ಒಂದು ಉತ್ತರವಿತ್ತು. ನೀನು ಹೋಗು, ನಾನು ಮಾಡಿಕೊಳ್ಳುತ್ತೇನೆ. ನನ್ನ ಕೈಕಾಲು ನೆಟ್ಟಗಿದ್ದವು. ನಾಲ್ಕರವರೆಗೆ ಹೊತ್ತಿತ್ತು. ಈ ಮನೆಯನ್ನು ಮೊದಲ ಎರಡು ವರ್ಷ ತಿಕ್ಕಿ ತೊಳೆದವಳು ನಾನೇ. ಆದರೆ ಆ ಮಾತು ತಲೆಗೆ ಹೊಳೆಯಲೇ ಇಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ. ಹೊಳೆಯಿತು, ದೂರದಲ್ಲಿ ಯಾರೋ ಬೇರೆಯವರು ಆಡಬೇಕಾದ ಮಾತಿನ ಹಾಗೆ ಹೊಳೆಯಿತು. ನಾನು ಆಡಿದ ಮಾತು ಬೇರೆ.

‘ಇನ್ನೇನು ಹೊರಡ್ತಾರೆ. ಸ್ವಲ್ಪ ನೋಡು’ ಅಂದೆ.

ಅವಳು ಮತ್ತೆ ಮೆಟ್ಟಿಲ ಮೇಲೆ ಕೂತಳು. ಹನ್ನೆರಡೂ ನಲವತ್ತಕ್ಕೆ ಎದ್ದು, ‘ಹೋಗಿ ಬರ್ತೀನ್ರೀ. ಆಮ್ಯಾಲ ಬಂದು ಮಾಡ್ತೀನಿ’ ಎಂದು ನನ್ನ ಒಪ್ಪಿಗೆಗೆ ಕಾಯದೆ ಹೋದಳು. ಗೇಟು ದಾಟುವವರೆಗೆ ನಡೆದಳು, ಆಮೇಲೆ ಓಡಿದಳು. ಅತ್ತಿಗುಪ್ಪೆ ಮೆಟ್ರೋಗೆ ನಮ್ಮಲ್ಲಿಂದ ಕಾಲು ಗಂಟೆಯ ನಡಿಗೆ, ಅಲ್ಲಿಂದ ಕೆಂಗೇರಿಗೆ ಇನ್ನಷ್ಟು, ಇಳಿದ ಮೇಲೆ ಆಟೋ. ಒಂದು ಗಂಟೆಯ ಒಳಗೆ ಸೇರುವ ಮಾತೇ ಇರಲಿಲ್ಲ.

ಮೇಲಿನವರು ಎರಡಕ್ಕೆ ಹತ್ತು ನಿಮಿಷವಿರುವಾಗ ಇಳಿದುಬಂದರು. ಬಹಳ ಮರ್ಯಾದಸ್ಥರು. ಅಡುಗೆಮನೆಯನ್ನು ಒರೆಸಿಟ್ಟಿದ್ದರು, ಕಸವನ್ನು ಕಟ್ಟಿ ಕೆಳಗೆ ತಂದಿದ್ದರು. ಆ ಅತ್ತೆ ನನ್ನ ಕೈಗೆ ಮದುವೆಮನೆಯ ತಾಂಬೂಲದ ಚೀಲ ಕೊಟ್ಟು, ‘ನಿಮ್ಮ ಮನೆಯವರಿಗೆ ಹೇಳಿ ತಾಯಿ, ತುಂಬ ಉಪಕಾರ ಆಯ್ತು’ ಅಂದರು. ಹೇಳ್ತೀನಿ ಅಂದೆ. ಆ ರಾತ್ರಿಯೇ ಐದು ನಕ್ಷತ್ರ ಕೊಟ್ಟು, ಸಾರ್ ಬಹಳ ಸಹಕಾರ ಮಾಡಿದರು ಎಂದು ಬರೆದಿದ್ದರು.

ಅವರು ಹೋದ ಮೇಲೆ ನಾನೇ ಮೇಲೆ ಹತ್ತಿದೆ. ಹಾಸಿಗೆ ಬಟ್ಟೆ ಬದಲಿಸಿದೆ, ಬಾತ್‌ರೂಮು ತಿಕ್ಕಿದೆ, ನೆಲ ಒರೆಸಿದೆ. ಸೊಂಟ ಹಿಡಿಯಿತು, ಆದರೆ ಮೂರೂ ನಲವತ್ತಕ್ಕೆ ಮುಗಿಯಿತು. ಕೈಲಾಗುವ ಕೆಲಸ. ಬಕೆಟ್ಟು ಬೋರಲು ಹಾಕುವಾಗ ಆ ಮೂರೂ ನಲವತ್ತನ್ನು ಗೋಡೆಯ ಗಡಿಯಾರದಲ್ಲಿ ನೋಡಿದೆ, ಮೊದಲ ಸಲ ಎದೆಯಲ್ಲಿ ಏನೋ ಚುಚ್ಚಿತು. ಐದು ತಿಂಗಳಲ್ಲಿ ಮೊದಲ ಸಲ. ಅದನ್ನು ಏನೆನ್ನಬೇಕೆಂದು ಆಗ ಗೊತ್ತಾಗಲಿಲ್ಲ. ಈಗ ಹೇಳಬಲ್ಲೆ, ಅದು ನಾಚಿಕೆ. ಗಂಡ ಸತ್ತದ್ದಕ್ಕೆ ಬಾರದ ಜೀವ ಇದಕ್ಕೆ ಬಂದಿತ್ತು.

ಅವಳು ಆ ದಿನ ಮತ್ತೆ ಬರಲಿಲ್ಲ. ಶನಿವಾರವೂ ಇಲ್ಲ. ನಾನು ಫೋನು ಮಾಡಲಿಲ್ಲ, ಏನೆಂದು ಮಾಡಲಿ. ಭಾನುವಾರ ಬೆಳಿಗ್ಗೆ, ಮೇಲೆ ಹೊಸದಾಗಿ ಬಂದವರು ಖಾಲಿ ಮಾಡಿದ ಮೇಲೆ, ಎಂದಿನ ಹೊತ್ತಿಗೆ ಬಂದು ಬೀಗದ ಕೈ ಕೇಳಿದಳು. ಕೊಟ್ಟು, ಅವಳ ಹಿಂದೆಯೇ ನಾನೂ ಮೆಟ್ಟಿಲು ಹತ್ತಿದೆ. ಅವಳು ಹಾಸಿಗೆಯ ಹೊದಿಕೆ ಎಳೆಯುತ್ತ ಮಾತು ಶುರು ಮಾಡಿದಳು, ನಾನು ಕೇಳಬೇಕಾಗಲಿಲ್ಲ.

‘ನಾ ಹೋಗೂದ್ರೊಳಗ ಕೂಗಿ ಮುಗಿದಿತ್ರೀ. ನಮ್ಮಾಕಿ ಹೆಸರು ಕೂಗಿದಾಗ ಆಕಿ ಒಬ್ಬಾಕೀನ ಎದ್ದು ನಿಂತಾಳ. ತಾಯಿ ಎಲ್ಲಿ ಅಂತ ಕೇಳ್ಯಾರ. ಕೆಲಸದಾಗ ಅದಾಳ್ರೀ, ಈಗ ಬರ್ತಾಳ್ರೀ ಅಂದಾಳ. ಹತ್ತು ನಿಮಿಷ ಕಾದಾರಂತ. ಪಾಪ, ಅವರದೇನೂ ತಪ್ಪಿಲ್ಲ. ಮುಂದಿನ ಹುಡುಗಿ ಅವ್ವನೂ ಅಲ್ಲೇ ನಿಂತಿದ್ದಳಲ್ರೀ.’

‘ಆಮೇಲೆ?’

‘ಮುಂದಿನ ವರ್ಷ ನೋಡೂಣು ಅಂದಾರ. ದಿನಾ ಬಸ್ಸಿನಾಗ ಹೋಗಿಬರ್ತೀನಿ ಬಿಡವ್ವಾ ಅಂತಾಳ. ಆ ಗದ್ದಲದಾಗ ಹೆಂಗ್ ಓದತಾಳೋ.’

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಮಂಚದ ತುದಿಯಲ್ಲಿ ಕೂತೆ. ಕೆಳಗಿನಿಂದಲೇ ಒಂದು ಲಕೋಟೆ ತಂದಿದ್ದೆ, ಅದರಲ್ಲಿ ದಾವಣಗೆರೆಯವರು ಕಟ್ಟಿದ ಅರ್ಧ ದಿನದ ಬಾಡಿಗೆಯಷ್ಟು ದುಡ್ಡಿತ್ತು. ಅದನ್ನು ಈಚೆ ತೆಗೆಯಲು ಕೈ ಬರಲಿಲ್ಲ, ಇವತ್ತಿಗೂ ಅದು ನನ್ನ ಬೀರುವಿನಲ್ಲಿದೆ. ಅದರ ಬದಲು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಎರಡು ಗಂಟೆಯವರೆಗೆ ಇರುತ್ತಾರೆಂದು ನನಗೆ ಬೆಳಿಗ್ಗೆಯೇ ಗೊತ್ತಿತ್ತು, ನಾನೇ ಒಪ್ಪಿದ್ದೆ, ಇಲ್ಲ ಅನ್ನಲು ಬೇಸರವಾಗಿ ರೇಟು ಹೇಳಿದ್ದೆ, ನೀನು ಮೆಟ್ಟಿಲ ಮೇಲೆ ಕೂತಿದ್ದಾಗ ಹೋಗು, ನಾನೇ ಮಾಡಿಕೊಳ್ಳುತ್ತೇನೆ ಅನ್ನಬಹುದಿತ್ತು, ಅನ್ನಲಿಲ್ಲ. ಅವಳು ಹೊದಿಕೆಯನ್ನು ಮಡಚಿ ಎದೆಗೆ ಒತ್ತಿಕೊಂಡು ನಿಂತಿದ್ದಳು.

‘ಗೊತ್ರೀ ಅಕ್ಕಾರ. ಕುಕ್ಕರ್ ಕೂಗಿದಾಗೇ ಗೊತ್ತಾತು. ನೀವು ಹೋಗು ಅಂತೀರಿ ಅಂತ ಅರ್ಧ ತಾಸು ಕುಂತಿದ್ನಿ.’

ಹೊದಿಕೆಯನ್ನು ಒಗೆಯುವ ಬುಟ್ಟಿಗೆ ಹಾಕಿ, ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದಳು.